ಒಂದೇ ಪ್ಲಗ್ ಪಾಯಿಂಟಿನ ಅಡುಗೆಮನೆ

ತಮ್ಮ: ಅಕ್ಕಾ, ಬಿಟಿಎಂ ಲೇಔಟ್‌ನಲ್ಲಿ ಮನೆ ಸಿಕ್ತು. ಮೂರನೇ ಮಹಡಿ, ಒಂದು ರೂಮು, ಒಂದು ಪುಟ್ಟ ಅಡುಗೆಮನೆ. ಓನರ್ ಗ್ಯಾಸ್ ಸಿಲಿಂಡರ್ ಇಡೋ ಹಾಗಿಲ್ಲ ಅಂದುಬಿಟ್ರು. ಹಳೇ ರೂಮ್‌ಮೇಟ್ ಬಿಟ್ಟುಹೋದ 20 ಲೀಟರಿನ ಮೈಕ್ರೊವೇವ್ ಇದೆ, 4 ಲೀಟರಿನ ಏರ್ ಫ್ರೈಯರ್ ನಾನೇ ತಗೊಂಡೆ. ಸೋಮವಾರದಿಂದ ಭಾನುವಾರದ ತನಕ ಏನೇನು ಮಾಡಬೇಕು ಅಂತ ಪಟ್ಟಿ ಬರೆದಿಟ್ಟಿದ್ದೀನಿ, ಓದಲಾ?

ಅಕ್ಕ: ಪಟ್ಟಿ ಆಮೇಲೆ ಓದೋವಂತೆ. ಮೊದಲು ಅಡುಗೆಮನೆ ಗೋಡೆ ನೋಡಿ ಹೇಳು, ದೊಡ್ಡ ಪಿನ್ನಿನ ಪ್ಲಗ್ ಪಾಯಿಂಟ್ ಎಷ್ಟಿದೆ?

ತಮ್ಮ: ಒಂದೇ. ಅದರ ಪಕ್ಕದಲ್ಲಿ ಮೊಬೈಲ್ ಚಾರ್ಜಿಗೆ ಹಾಕೋ ಅಂಥ ಚಿಕ್ಕದು ಎರಡಿದೆ.

ಅಕ್ಕ: ಹಾಗಾದರೆ ನಿನ್ನ ಪಟ್ಟಿ ಬರೆಯೋದು ಆ ಪಾಯಿಂಟೇ, ನೀನಲ್ಲ. ಏರ್ ಫ್ರೈಯರ್ ಹೆಚ್ಚುಕಮ್ಮಿ 1500 ವಾಟ್ ಎಳೆಯುತ್ತೆ. ಮೈಕ್ರೊವೇವ್ ಮೇಲೆ 700 ಅಥವಾ 800 ವಾಟ್ ಅಂತ ಬರೆದಿರಬಹುದು, ಅದು ಅನ್ನಕ್ಕೆ ಸೇರೋ ಲೆಕ್ಕ. ಗೋಡೆಯಿಂದ ಎಳೆಯೋದು 1100, 1200. ಚಿಕ್ಕ ಪಾಯಿಂಟು 6 ಆಂಪಿಯರಿನದು, ಅಂದರೆ 1400 ವಾಟಿಗಿಂತ ಕಮ್ಮಿ. ಅದಕ್ಕೆ ಕನ್ವರ್ಟರ್ ಪಿನ್ ಸಿಕ್ಕಿಸಿ ಫ್ರೈಯರ್ ಹಾಕಿದರೆ ಎಂಸಿಬಿ ಬಿದ್ದರೆ ಪುಣ್ಯ. ಬೀಳದೇ ಹೋದರೆ ಪ್ಲಗ್ ಒಳಗೇ ಕಪ್ಪಗಾಗುತ್ತೆ, ಸುಟ್ಟ ಪ್ಲಾಸ್ಟಿಕ್ ವಾಸನೆ ಬರುತ್ತೆ.

ತಮ್ಮ: ಎಕ್ಸ್‌ಟೆನ್ಷನ್ ಬೋರ್ಡ್ ಹಾಕಿ ಎರಡನ್ನೂ ಒಟ್ಟಿಗೆ ಓಡಿಸಬಹುದಲ್ವಾ?

ಅಕ್ಕ: ಕಾಗದದ ಮೇಲೆ ಆಗುತ್ತೆ. ಎರಡೂ ಸೇರಿ 12 ಆಂಪಿಯರಿನ ಹತ್ತಿರ, ದೊಡ್ಡ ಪಾಯಿಂಟು 16 ತಡೆಯುತ್ತೆ. ಆದರೆ ಬಾಡಿಗೆ ಮನೆಯ ಗೋಡೆಯೊಳಗೆ ಎಂಥ ವೈರ್ ಹಾಕಿದ್ದಾರೆ ಅಂತ ನಿನಗೂ ಗೊತ್ತಿಲ್ಲ, ಓನರ್‌ಗೂ ಗೊತ್ತಿಲ್ಲ. ಅಂಗಡಿಯಲ್ಲಿ ಸಿಗೋ ಎಕ್ಸ್‌ಟೆನ್ಷನ್ ಬೋರ್ಡು ಬಹುಪಾಲು 6 ಆಂಪಿಯರಿನವೇ. ಒಂದು ಸಲಕ್ಕೆ ಒಂದೇ ಯಂತ್ರ ಅಂತ ಇಟ್ಕೋ. ಅದರಿಂದ ಏನೂ ನಷ್ಟ ಇಲ್ಲ. ಒಂದು ಯಂತ್ರದಿಂದ ಇಳಿದ ಪಾತ್ರೆ ಮುಚ್ಚಿ ಕೂತಿರುವಾಗ ಇನ್ನೊಂದು ಓಡುತ್ತೆ. ನಿನ್ನ ಅಡುಗೆಯ ಲೆಕ್ಕವೆಲ್ಲ ಆ ಸರದಿಯಲ್ಲೇ ಇರೋದು.

ತಮ್ಮ: ಸರಿ. ಯಾವುದು ಯಾವುದರಲ್ಲಿ ಅಂತ ಹೇಗೆ ನಿರ್ಧರಿಸೋದು?

ಅಕ್ಕ: ಮೈಕ್ರೊವೇವ್ ಪದಾರ್ಥದೊಳಗಿನ ನೀರನ್ನ ಬಿಸಿ ಮಾಡುತ್ತೆ. ನೀರು ಇರೋ ತನಕ ಬಿಸಿ ಕುದಿಯೋ ಮಟ್ಟ ದಾಟಲ್ಲ, ಬೆಂಗಳೂರಿನ ಎತ್ತರಕ್ಕೆ ಅದು 97 ಡಿಗ್ರಿ ಆಸುಪಾಸು. ಹಾಗಾಗಿ ಅದರಲ್ಲಿ ಬೇಯುತ್ತೆ, ಕೆಂಪಗಾಗಲ್ಲ. ಅನ್ನ, ಬೇಳೆ, ಸಾರು, ಬೀನ್ಸ್ ಪಲ್ಯ, ಮುದ್ದೆ ಎಲ್ಲ ಅದರ ಪಾಲು. ಏರ್ ಫ್ರೈಯರ್ ಒಳಗೆ 180, 200 ಡಿಗ್ರಿಯ ಒಣಗಾಳಿ ಜೋರಾಗಿ ಸುತ್ತುತ್ತೆ. ಅದು ಮೇಲ್ಮೈಯ ನೀರು ಹಾರಿಸುತ್ತೆ, ಅದಕ್ಕೇ ಬಣ್ಣ ಬರುತ್ತೆ, ಗರಿಯಾಗುತ್ತೆ. ಆದರೆ ಒಳಗಿನ ತನಕ ಬಿಸಿ ಹೋಗೋದು ನಿಧಾನ. ಈಗ ಆಲೂಗಡ್ಡೆ ತಗೋ. ಹಸಿಯದನ್ನ ಹೆಚ್ಚಿ ಫ್ರೈಯರ್‌ಗೆ ಹಾಕಿದರೆ 20, 25 ನಿಮಿಷ. ಅದರ ಬದಲು ಎರಡು ಮಧ್ಯಮ ಗಾತ್ರದ ಆಲೂಗಡ್ಡೆಗೆ ಫೋರ್ಕಿನಿಂದ ನಾಲ್ಕು ಕಡೆ ಚುಚ್ಚಿ ಮೈಕ್ರೊವೇವ್‌ನಲ್ಲಿ 5, 6 ನಿಮಿಷ ಇಡು. ಆಮೇಲೆ ಹೆಚ್ಚಿ ಒಂದು ಚಮಚ ಎಣ್ಣೆ ಸವರಿ ಫ್ರೈಯರ್‌ನಲ್ಲಿ 200 ಡಿಗ್ರಿಗೆ 8 ನಿಮಿಷ. ಒಳಗೆ ಮೆತ್ತಗೆ, ಹೊರಗೆ ಗರಿಗರಿ.

ತಮ್ಮ: ಚುಚ್ಚದೇ ಇಟ್ಟರೆ?

ಅಕ್ಕ: ಸಿಪ್ಪೆ ಒಳಗೆ ಹಬೆ ತುಂಬಿ ಒಡೆಯುತ್ತೆ. ಮೊಟ್ಟೆಯೂ ಹಾಗೇ. ಚಿಪ್ಪಿನ ಸಮೇತ ಮೊಟ್ಟೆ ಮೈಕ್ರೊವೇವ್‌ಗೆ ಹೋಗಲೇಬಾರದು, ಬೆಂದ ಮೊಟ್ಟೆ ಬಿಸಿ ಮಾಡೋಕೂ ಇಡಬಾರದು. ಹೊರಗೆ ತೆಗೆದ ಮೇಲೆ, ಕಚ್ಚಿದಾಗಲೂ ಸಿಡಿಯಬಹುದು. ಮೊಟ್ಟೆಗೆ ಫ್ರೈಯರೇ ಸರಿ. ನೀರೂ ಬೇಡ, 140 ಡಿಗ್ರಿ, 13, 14 ನಿಮಿಷ, ತೆಗೆದು ತಣ್ಣೀರಿಗೆ ಹಾಕು, ಗಟ್ಟಿ ಮೊಟ್ಟೆ. ನಿನ್ನ ಓನರ್ ಮೊಟ್ಟೆಗೂ ತಕರಾರು ತೆಗೆಯೋವ್ರಾದರೆ ಅದು ಬೇರೆ ಮಾತು.

ತಮ್ಮ: ಅವರು ಕೆಳಗಿನ ಮನೇಲಿದ್ದಾರೆ, ವಾಸನೆ ಅಲ್ಲಿ ತನಕ ಇಳಿಯಲ್ಲ ಬಿಡು. ನನ್ನ ಮೈಕ್ರೊವೇವ್ ಹಳೇದು ಅಕ್ಕ, ಎಷ್ಟು ವಾಟ್ ಅಂತ ಬರೆದಿದ್ದ ಚೀಟಿ ಕಿತ್ತುಹೋಗಿದೆ. ನೀನು ಹೇಳೋ ನಿಮಿಷಗಳು ಅದಕ್ಕೆ ಹೊಂದುತ್ತಾ?

ಅಕ್ಕ: ಒಳ್ಳೇ ಪ್ರಶ್ನೆ. ಪಾಕವಿಧಾನದ ನಿಮಿಷ ನಂಬಿ ಕೆಟ್ಟವರು ಬಹಳ ಜನ. ಗಾಜಿನ ಲೋಟದಲ್ಲಿ ಕಾಲು ಲೀಟರ್ ನಲ್ಲಿನೀರು ತುಂಬಿ, ಒಂದು ಮರದ ಚಮಚ ಅದರಲ್ಲೇ ಬಿಟ್ಟು, ಫುಲ್ ಪವರ್‌ನಲ್ಲಿಡು. ಎರಡು ನಿಮಿಷ ದಾಟುತ್ತಿದ್ದ ಹಾಗೆ ಚೆನ್ನಾಗಿ ಕುದಿ ಬಂದರೆ ಅದು 700 ವಾಟಿನ ಯಂತ್ರ, ನಾನು ಹೇಳೋ ಲೆಕ್ಕ ಹಾಗೇ ನಡೆಯುತ್ತೆ. ಮೂರು ನಿಮಿಷವಾದರೂ ಕುದಿಯದಿದ್ದರೆ ಯಂತ್ರ ದುರ್ಬಲ ಆಗಿದೆ, ಎಲ್ಲಕ್ಕೂ ಮೂರರಲ್ಲೊಂದು ಭಾಗ ಸಮಯ ಸೇರಿಸು. ಮರದ ಚಮಚ ಮರೀಬೇಡ. ನುಣುಪಾದ ಲೋಟದಲ್ಲಿ ನೀರು ಕುದಿಯದೇ ಕುದಿಬಿಸಿ ದಾಟಿ ನಿಂತಿರಬಹುದು, ಅಲುಗಿಸಿದ ಕೂಡಲೇ ಉಕ್ಕಿ ಕೈಮೇಲೆ ಬರುತ್ತೆ.

ತಮ್ಮ: ಪಾತ್ರೆ? ಅಮ್ಮ ಸ್ಟೀಲ್ ಡಬ್ಬಿ, ಹೂವಿನ ಚಿತ್ರದ ತಟ್ಟೆ ಎಲ್ಲ ಕಟ್ಟಿಕೊಟ್ಟಿದ್ದಾರೆ.

ಅಕ್ಕ: ಸ್ಟೀಲು ಫ್ರೈಯರ್‌ಗೆ ಆಗುತ್ತೆ, ಮೈಕ್ರೊವೇವ್‌ಗೆ ಆಗಲ್ಲ. ಹೂವಿನ ತಟ್ಟೆ ಬಗ್ಗೆ ಹುಷಾರು. ಅದು ಪಿಂಗಾಣಿ ಅಂದ್ಕೊಂಡಿರ್ತೀವಿ, ಬಹಳ ಸಲ ಮೆಲಮೈನ್ ಆಗಿರುತ್ತೆ. ಕೈಗೆ ಹಗುರ, ಬಡಿದರೆ ಮಂಕು ಸದ್ದು. ಅನುಮಾನ ಇದ್ದರೆ ಖಾಲಿ ತಟ್ಟೆ ಪಕ್ಕ ಒಂದು ಲೋಟ ನೀರಿಟ್ಟು ಒಂದು ನಿಮಿಷ ಓಡಿಸು. ನೀರು ಬಿಸಿಯಾಗಿ ತಟ್ಟೆ ತಣ್ಣಗಿದ್ದರೆ ಸರಿ. ತಟ್ಟೆಯೇ ಕಾದಿದ್ದರೆ ಅದರಲ್ಲಿ ಊಟ ಮಾಡು, ಅಡುಗೆ ಬೇಡ. ನಿನಗೆ ಬೇಕಿರೋದು ಇಷ್ಟೆ: ಶಾಖ ತಡೆಯೋ ಗಾಜಿನ ದೊಡ್ಡ ಬಟ್ಟಲು ಒಂದು, ಎರಡೂವರೆ ಲೀಟರಿನದು. ಅದೇ ಗಾಜಿನ ಚಿಕ್ಕ ಬಟ್ಟಲು ಎರಡು. ದೊಡ್ಡದರಲ್ಲಿ ಕಂಜೂಸ್‌ತನ ಮಾಡಬೇಡ. ಒಂದು ಲೋಟ ಅಕ್ಕಿಗೆ ಒಂದು ಲೀಟರಿನ ಬಟ್ಟಲು ಸಾಕು ಅಂತ ಅನ್ನಿಸುತ್ತೆ, ಹತ್ತು ನಿಮಿಷದಲ್ಲಿ ಗಂಜಿಯೆಲ್ಲ ತಿರುಗೋ ತಟ್ಟೆ ಮೇಲಿರುತ್ತೆ.

ತಮ್ಮ: ಈಗಲಾದರೂ ಪಟ್ಟಿ ಓದಲಾ? ಸೋಮವಾರ ತೊಗರಿಬೇಳೆ ಹುಳಿ, ಮಂಗಳವಾರ ರಾಜ್ಮಾ, ಬುಧವಾರ ಮೆಣಸಿನಕಾಯಿ ಬಜ್ಜಿ...

ಅಕ್ಕ: ನಿಲ್ಸು ನಿಲ್ಸು. ಮೂರಕ್ಕೆ ಮೂರೂ ತಪ್ಪು. ತೊಗರಿಬೇಳೆಗೆ ಕುಕ್ಕರ್ ಬೇಕು. ಮೈಕ್ರೊವೇವ್‌ನಲ್ಲಿ ಬೇಯಲ್ಲ ಅಂತಲ್ಲ, ಗಂಟೆಗಟ್ಟಲೆ ನೆನೆಸಿ ಅರ್ಧ ಗಂಟೆ ಕಾದರೂ ಕರಗಲ್ಲ. ರಾಜ್ಮಾ ಇನ್ನೂ ಕಷ್ಟ. ಅದರಲ್ಲಿ ಹೊಟ್ಟೆ ಕೆಡಿಸೋ ಲೆಕ್ಟಿನ್ ಅನ್ನೋ ಅಂಶ ಇದೆ. ಕಾಳು ನೆನೆಸಿ, ಆ ನೀರು ಚೆಲ್ಲಿ, ಬಿಡದೇ ಜೋರಾಗಿ ಕುದಿಸಿದರೆ ಮಾತ್ರ ಅದು ಹೋಗೋದು. ಅರೆಬೆಂದ ರಾಜ್ಮಾ ತಿಂದವರು ರಾತ್ರಿಯೆಲ್ಲ ವಾಂತಿ ಮಾಡ್ತಾರೆ. ಬಜ್ಜಿ ಹಿಟ್ಟು ತೆಳ್ಳಗಿರುತ್ತೆ, ಫ್ರೈಯರಿನ ಜಾಲರಿಯಿಂದ ಸೋರಿ ಕೆಳಗೆ ಸುಟ್ಟು ಅಂಟುತ್ತೆ. ಎಣ್ಣೆಗೆ ಬಿದ್ದ ತಕ್ಷಣ ಹಿಟ್ಟು ಗಟ್ಟಿಯಾಗುತ್ತಲ್ಲ, ಗಾಳಿಗೆ ಆ ಶಕ್ತಿ ಇಲ್ಲ. ಆ ಯಂತ್ರದ ಹೆಸರಲ್ಲಿ ಫ್ರೈ ಅಂತ ಇದೆ ಅಷ್ಟೇ, ಅದು ಪುಟ್ಟ ಓವನ್.

ತಮ್ಮ: ಬೇಳೆಯೇ ಇಲ್ಲದ ಊಟ ನನಗೆ ಸೇರಲ್ಲ.

ಅಕ್ಕ: ಹೆಸರುಬೇಳೆ ಇದೆಯಲ್ಲೋ. ಭಾನುವಾರದ ಕೆಲಸವೇ ಅದು. ಒಂದು ಲೋಟ ಹೆಸರುಬೇಳೆ ತೊಳೆದು ಅರ್ಧ ಗಂಟೆ ನೆನೆಸು. ನೀರು ಬಸಿದು, ದೊಡ್ಡ ಬಟ್ಟಲಿಗೆ ಹಾಕಿ, ಮೂರು ಲೋಟ ನೀರು, ಚಿಟಿಕೆ ಅರಿಶಿನ, ನಾಲ್ಕು ಹನಿ ಎಣ್ಣೆ. ಮುಚ್ಚಬೇಡ. ಫುಲ್ ಪವರ್‌ನಲ್ಲಿ 7, 8 ನಿಮಿಷ, ನೊರೆ ಏರೋದು ಕಾಣೋ ತನಕ. ಆಮೇಲೆ ಪವರ್ ಅರ್ಧಕ್ಕಿಳಿಸಿ 12ರಿಂದ 15 ನಿಮಿಷ.

ತಮ್ಮ: ಅರ್ಧ ಪವರ್ ಯಾಕೆ? ಬೇಗ ಆಗೋದು ಬೇಡವಾ?

ಅಕ್ಕ: ನಿನ್ನದು ಹಳೇ ಯಂತ್ರ ತಾನೆ, ಕಿವಿಗೊಟ್ಟು ಕೇಳು. ಅರ್ಧ ಪವರ್ ಅಂದರೆ ಸಣ್ಣ ಉರಿ ಅಲ್ಲ. ಕೆಲವು ಸೆಕೆಂಡು ಪೂರ್ತಿ ಓಡುತ್ತೆ, ಕೆಲವು ಸೆಕೆಂಡು ಸುಮ್ಮನಿರುತ್ತೆ. ಗುಂಯ್ ಅನ್ನೋ ಸದ್ದು ಏರಿ ಇಳಿಯುತ್ತೆ. ಸುಮ್ಮನಿರೋ ಹೊತ್ತಲ್ಲಿ ನೊರೆ ಇಳಿದುಕೊಳ್ಳುತ್ತೆ, ಬಿಸಿ ಒಳಗೆ ಹರಡುತ್ತೆ. ಬೇಳೆ, ಅಕ್ಕಿ ಎರಡಕ್ಕೂ ಆ ಬಿಡುವು ಬೇಕು. ಕೊನೆಗೆ ಒಂದು ಬೇಳೆ ಎರಡು ಬೆರಳಲ್ಲಿ ಹಿಸುಕಿ ನೋಡು, ನಡುವೆ ಬಿಳಿ ಚುಕ್ಕೆ ಕಂಡರೆ ಇನ್ನೂ ಮೂರು ನಿಮಿಷ. ಬೆಂದದ್ದನ್ನ ನಾಲ್ಕು ಡಬ್ಬಿಗೆ ಹಂಚು. ಎರಡು ಫ್ರಿಜ್ ಕೆಳಗೆ, ಬುಧವಾರದೊಳಗೆ ಮುಗಿಸೋಕೆ. ಎರಡು ಫ್ರೀಜರ್‌ಗೆ.

ತಮ್ಮ: ಭಾನುವಾರ ಇಷ್ಟೇನಾ?

ಅಕ್ಕ: ಒಂದು ಲೋಟ ಕಡಲೆಕಾಯಿ ಬೀಜ ಹುರಿದಿಡು. ತಟ್ಟೆಯಲ್ಲಿ ಹರಡಿ 2 ನಿಮಿಷ, ಕೈಯಾಡಿಸು, ಒಂದು ನಿಮಿಷ, ಮತ್ತೆ ಕೈಯಾಡಿಸು, ಇನ್ನೊಂದು ನಿಮಿಷ. ಅದು ಒಳಗಿನಿಂದ ಹುರಿಯುತ್ತೆ, ಹೊರಗೆ ತೆಗೆದ ಮೇಲೂ ಬಣ್ಣ ಏರುತ್ತೆ. ಹೊರಗೆ ಕೆಂಪಾಗೋ ತನಕ ಕಾದರೆ ಒಡೆದು ನೋಡಿದಾಗ ನಡುವೆ ಕರಿ. ಸಿಪ್ಪೆ ಸುಲಿಯೋ ಹಾಗಾದರೆ ಸಾಕು. ಇನ್ನು ಸ್ವಲ್ಪ ತರಕಾರಿ ತೊಳೆದು ಒರೆಸಿಡು, ಹೆಚ್ಚಬೇಡ. ಅಷ್ಟೇ. ಭಾನುವಾರವೆಲ್ಲ ಅಡುಗೆಮನೆಯಲ್ಲಿ ಕಳೆಯೋ ಯೋಜನೆಗಳು ಎರಡನೇ ವಾರಕ್ಕೇ ನಿಂತುಹೋಗ್ತವೆ.

ತಮ್ಮ: ಈಗ ಒಂದು ದಿನದ್ದು ಪೂರ್ತಿ ಹೇಳು. ಮಂಗಳವಾರ ಅಂತಿಟ್ಕೋ. ನಾನು ಬಾಗಿಲು ತೆಗೆಯೋದು ರಾತ್ರಿ ಎಂಟಕ್ಕೆ. ಅನ್ನ, ಸಾರು, ಬೆಂಡೆಕಾಯಿ ಪಲ್ಯ ಬೇಕು, ಮರುದಿನದ ಡಬ್ಬಿಗೂ ಆಗಬೇಕು.

ಅಕ್ಕ: ಬಾಗಿಲು ತೆಗೆದ ಕೂಡಲೇ, ಶೂ ಬಿಚ್ಚೋ ಮುಂಚೆ ಬೇಕಾದರೂ, ಒಂದು ಲೋಟ ಸೋನಾ ಮಸೂರಿ ತೊಳೆದು ನೆನೆಹಾಕು. 20 ನಿಮಿಷ ಅದರ ಪಾಡಿಗೆ ಅದು ನೆನೆಯಲಿ. ಮುಖ ತೊಳೆದು ಬಾ. ಚಿಕ್ಕ ಬಟ್ಟಲಿಗೆ ಒಂದು ಟೊಮೆಟೊ ಹೆಚ್ಚಿ ಹಾಕಿ ಮೈಕ್ರೊವೇವ್‌ನಲ್ಲಿ ಎರಡು ನಿಮಿಷ. ಮೆತ್ತಗಾದ ಟೊಮೆಟೊ ಚಮಚದಲ್ಲಿ ಹಿಸುಕಿ, ಭಾನುವಾರದ ಬೇಳೆ ಒಂದು ಡಬ್ಬಿ, ಒಂದು ಲೋಟ ನೀರು, ಅಮ್ಮ ಕೊಟ್ಟ ಸಾರಿನಪುಡಿ ಒಂದು ಚಮಚ, ಉಪ್ಪು, ಚೂರು ಬೆಲ್ಲ. ಬಟ್ಟಲು ಮುಕ್ಕಾಲಿಗಿಂತ ಹೆಚ್ಚು ತುಂಬಬಾರದು. ನಾಲ್ಕು ನಿಮಿಷ, ನಡುವೆ ಒಂದು ಸಲ ಕಲಕು. ಅಲೆಗಳು ನೀರಿರೋ ಪದಾರ್ಥದೊಳಕ್ಕೆ ಒಂದೆರಡು ಸೆಂಟಿಮೀಟರ್ ಹೋಗೋದೇ ಹೆಚ್ಚು, ನಡುಭಾಗ ತಣ್ಣಗೇ ಉಳಿದಿರುತ್ತೆ. ಕಲಕೋದು ಅದಕ್ಕೇ.

ತಮ್ಮ: ಒಗ್ಗರಣೆ?

ಅಕ್ಕ: ಅದೂ ಆಗುತ್ತೆ, ಸ್ವಲ್ಪ ತಾಳ್ಮೆ ಬೇಕು. ಎಣ್ಣೆ ಮೈಕ್ರೊವೇವ್‌ಗೆ ನಿಧಾನಕ್ಕೆ ಕಾಯುತ್ತೆ, ಕಾದ ಮೇಲೆ ಮಾತ್ರ ನೀರಿನ ಹಾಗೆ ನೂರರ ಹತ್ತಿರ ನಿಲ್ಲಲ್ಲ. ಅದಕ್ಕೇ ಪ್ಲಾಸ್ಟಿಕ್ ಬಟ್ಟಲು ಬೇಡವೇ ಬೇಡ, ಕರಗುತ್ತೆ. ಉಳಿದ ಚಿಕ್ಕ ಗಾಜಿನ ಬಟ್ಟಲಿಗೆ ಎರಡು ಚಮಚ ಎಣ್ಣೆ, ಅರ್ಧ ಚಮಚ ಸಾಸಿವೆ, ಒಣಮೆಣಸಿನಕಾಯಿ. ಮೇಲೆ ಒಂದು ತಟ್ಟೆ ಓರೆಯಾಗಿ ಮುಚ್ಚು. ಎರಡೂವರೆ, ಮೂರು ನಿಮಿಷ. ಚಟಪಟ ಶುರುವಾಗಿ ಕಮ್ಮಿಯಾಗೋ ಹೊತ್ತಿಗೆ ನಿಲ್ಸು. ಕರಿಬೇವು, ಇಂಗು ಹೊರಗೆ ತೆಗೆದ ಮೇಲೆ ಹಾಕು. ದಪ್ಪ ಬಟ್ಟೆಯಲ್ಲಿ ಹಿಡಿ, ಒದ್ದೆ ಕಲ್ಲಿನ ಮೇಲೆ ಇಡಬೇಡ, ಗಾಜು ಸೀಳಿಬಿಡುತ್ತೆ. ಸಾರಿಗೆ ಸುರಿದು ಮುಚ್ಚಿಡು. ಅಷ್ಟು ಹೊತ್ತಿಗೆ ಅಕ್ಕಿ ನೆಂದಿರುತ್ತೆ.

ತಮ್ಮ: ನೀರು ಎಷ್ಟು?

ಅಕ್ಕ: ನೆನೆಸಿದ ನೀರು ಬಸಿದು, ಎರಡು ಲೋಟ, ಮೇಲೆ ಕಾಲು. ಹಳೇ ಅಕ್ಕಿಯಾದರೆ ಇನ್ನೊಂದು ಕಾಲು. ದೊಡ್ಡ ಬಟ್ಟಲು, ಮುಚ್ಚದೇ ಫುಲ್ ಪವರ್‌ನಲ್ಲಿ 10 ನಿಮಿಷ. ತೆಗೆದು ನೋಡಿದರೆ ನೀರು ಇಂಗಿ ಅನ್ನದ ಮೇಲೆ ಸಣ್ಣ ಸಣ್ಣ ತೂತು ಬಿದ್ದಿರಬೇಕು. ತೂತು ಕಂಡರೆ ಅರ್ಧ ಪವರ್‌ನಲ್ಲಿ 4 ನಿಮಿಷ. ಕಾಣದಿದ್ದರೆ ಫುಲ್‌ನಲ್ಲೇ ಇನ್ನೆರಡು ನಿಮಿಷ ಕೊಟ್ಟು ಆಮೇಲೆ ಅರ್ಧಕ್ಕೆ ಇಳಿಸು. ಇದು ಓಡುವಾಗ ಬೆಂಡೆಕಾಯಿ ಹೆಚ್ಚು, ಕಾಲು ಕೆ.ಜಿ. ಸಾಕು, ಅರ್ಧ ಇಂಚಿನ ತುಂಡು. ಒದ್ದೆ ಇದ್ದರೆ ಲೋಳೆ ಬಿಡುತ್ತೆ, ಬಟ್ಟೆಯಲ್ಲಿ ಒರೆಸಿಯೇ ಹೆಚ್ಚಬೇಕು. ಎರಡು ಚಮಚ ಎಣ್ಣೆ ಕೈಯಲ್ಲೇ ಸವರು. ಉಪ್ಪು ಈಗ ಬೇಡ, ನೀರು ಬಿಡಿಸುತ್ತೆ.

ತಮ್ಮ: ಅನ್ನ ಇಳಿಸಿ, ಪ್ಲಗ್ ಬದಲಿಸಿ, ಫ್ರೈಯರ್.

ಅಕ್ಕ: ಸ್ವಿಚ್ ಆರಿಸಿ ಪ್ಲಗ್ ಬದಲಿಸು. ಬೆಂಡೆಕಾಯಿ 180 ಡಿಗ್ರಿಗೆ 12 ನಿಮಿಷ, ಆರನೇ ನಿಮಿಷಕ್ಕೆ ಬುಟ್ಟಿ ಎಳೆದು ಕುಲುಕು. ಬುಟ್ಟಿಯಲ್ಲಿ ಒಂದೂವರೆ ಪದರಕ್ಕಿಂತ ಹೆಚ್ಚಿರಬಾರದು, ಗಾಳಿ ಆಡದಿದ್ದರೆ ಹಬೆಯಲ್ಲಿ ಬೆಂದು ಮೆತ್ತಗಾಗುತ್ತೆ. ಆ 12 ನಿಮಿಷ ಅನ್ನ ಮುಚ್ಚಿ ಕೂತಿರುತ್ತೆ. ಅದು ವ್ಯರ್ಥ ಹೊತ್ತಲ್ಲ, ಅನ್ನ ಅರಳೋದು ಆಗಲೇ. ಗರಿಗರಿಯಾಗೋ ಪದಾರ್ಥ ಯಾವಾಗಲೂ ಕೊನೇ ಸರದಿಗೆ ಇರಲಿ, ಅದು ಕಾಯಲಾರದು. ಅನ್ನ, ಸಾರು ಕಾಯ್ತವೆ. ಬುಟ್ಟಿಯಿಂದ ತೆಗೆದ ಮೇಲೆ ಉಪ್ಪು, ಖಾರದಪುಡಿ, ಹಿಡಿ ತೆಂಗಿನತುರಿ. ಎಂಟು ಮುಕ್ಕಾಲು, ಎಂಟು ಐವತ್ತಕ್ಕೆ ತಟ್ಟೆ ಮುಂದೆ ಕೂತಿರ್ತೀಯ. ಅದರಲ್ಲಿ ನಿನ್ನ ಕೈ ಕೆಲಸ ಹದಿನೈದು, ಇಪ್ಪತ್ತು ನಿಮಿಷ.

ತಮ್ಮ: ಉಳಿದ ಅನ್ನ ಬೆಳಿಗ್ಗೆ ತನಕ ಬಟ್ಟಲಲ್ಲೇ ಮುಚ್ಚಿಡಲಾ?

ಅಕ್ಕ: ಬೇಡ. ಅನ್ನದಲ್ಲಿ ಬ್ಯಾಸಿಲಸ್ ಸೀರಿಯಸ್ ಅಂತ ಒಂದು ಬ್ಯಾಕ್ಟೀರಿಯಾ, ಅದರ ಬೀಜಕಗಳು ಬೇಯಿಸಿದರೂ ಸಾಯಲ್ಲ. ಬೆಚ್ಚಗೆ ಗಂಟೆಗಟ್ಟಲೆ ಬಿಟ್ಟರೆ ಬೆಳೆದು ವಿಷ ಬಿಡುತ್ತೆ, ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗಲ್ಲ. ವಾಸನೆಯಲ್ಲೂ ಗೊತ್ತಾಗಲ್ಲ. ಊಟಕ್ಕೆ ಕೂರೋ ಮುಂಚೆ ನಾಳೆಯ ಪಾಲು ತಟ್ಟೆಯಲ್ಲಿ ತೆಳ್ಳಗೆ ಹರಡು. ಪಾತ್ರೆ ತೊಳೆಯೋ ಹೊತ್ತಿಗೆ ತಣ್ಣಗಾಗಿರುತ್ತೆ, ಡಬ್ಬಿಗೆ ಹಾಕಿ ಫ್ರಿಜ್‌ಗೆ. ಬೆಳಿಗ್ಗೆ ಅದೇ ಚಿತ್ರಾನ್ನ. ಚಿಕ್ಕ ಬಟ್ಟಲಲ್ಲಿ ಒಗ್ಗರಣೆ, ಅದಕ್ಕೆ ಈರುಳ್ಳಿ, ಹಸಿಮೆಣಸಿನಕಾಯಿ, ಅರಿಶಿನ ಹಾಕಿ ಎರಡು ನಿಮಿಷ, ಭಾನುವಾರದ ಕಡಲೆಬೀಜ. ಅನ್ನಕ್ಕೆ ಎರಡು ಚಮಚ ನೀರು ಚಿಮುಕಿಸಿ ಮುಚ್ಚಿ ಎರಡು ನಿಮಿಷ, ಹಬೆಯಾಡೋ ಹಾಗೆ. ಕಲಸಿ, ಆರಿದ ಮೇಲೆ ನಿಂಬೆಹಣ್ಣು. ಆಫೀಸಿನಲ್ಲಿ ಫ್ರಿಜ್ ಇದ್ದರೆ ಹೋದ ಕೂಡಲೇ ಅದರಲ್ಲಿಡು.

ತಮ್ಮ: ಬೇರೆ ದಿನ?

ಅಕ್ಕ: ಸರದಿ ಅದೇ, ಪದಾರ್ಥ ಬೇರೆ. ಸೋಮವಾರ ಮುದ್ದೆ, ಸೊಪ್ಪಿನ ಸಾರು. ಮುದ್ದೆ ಮೈಕ್ರೊವೇವ್‌ನಲ್ಲಿ ಕುದಿಯುವ ಎಸರಿಗಿಂತ ಸುಲಭ ಅಂತ ಹೇಳಿದರೆ ಅಜ್ಜಿ ನನ್ನನ್ನ ಮನೆಗೆ ಸೇರಿಸಲ್ಲ. ಅರ್ಧ ಲೋಟ ರಾಗಿಹಿಟ್ಟು, ಒಂದು ಲೋಟ ತಣ್ಣೀರು, ಉಪ್ಪು, ಗಂಟಿಲ್ಲದ ಹಾಗೆ ಕಲಸು. ಎರಡು ನಿಮಿಷ, ಜೋರಾಗಿ ತಿರುವು. ಮತ್ತೆ ಎರಡು ನಿಮಿಷ, ಮತ್ತೆ ತಿರುವು. ಕೊನೆಗೆ ಮುಚ್ಚಿ ಒಂದು ನಿಮಿಷ. ಒದ್ದೆ ಬೆರಳಲ್ಲಿ ಮುಟ್ಟಿದರೆ ಅಂಟಬಾರದು, ಅಂಟಿದರೆ ಹಸಿ. ಗುರುವಾರ ಬದನೆಕಾಯಿ. ಗುಂಡು ಬದನೆ ಚುಚ್ಚಿ ಎಣ್ಣೆ ಸವರಿ ಫ್ರೈಯರ್‌ನಲ್ಲಿ 200ಕ್ಕೆ 20 ನಿಮಿಷ, ಸಿಪ್ಪೆ ಸುಕ್ಕಾಗಿ ಮೈ ಕುಸಿಯಬೇಕು. ಹಿಸುಕಿ ಮೊಸರಿಗೆ ಹಾಕು. ಕೆಂಡದ ಹೊಗೆ ವಾಸನೆ ಬರಲ್ಲ, ಅದನ್ನ ಒಪ್ಪಿಕೋ. ಬುಧವಾರ ಉಪ್ಪಿಟ್ಟು, ಶನಿವಾರ ಆಲೂಗಡ್ಡೆ ಮೊಟ್ಟೆ. ಶುಕ್ರವಾರ ಹೇಗೂ ನೀನು ಹೊರಗೆ ತಿಂತೀಯ, ಪಟ್ಟಿಯಲ್ಲಿ ಬರೆಯೋ ಅಗತ್ಯವಿಲ್ಲ. ಬೆಳಗಿನ ತಿಂಡಿಗೆ ಅವಲಕ್ಕಿ ಇದ್ದೇ ಇದೆ.

ತಮ್ಮ: ಚಪಾತಿ?

ಅಕ್ಕ: ಎರಡರಲ್ಲೂ ಆಗಲ್ಲ. ಮೈಕ್ರೊವೇವ್‌ನಲ್ಲಿ ಚರ್ಮದಂತಾಗುತ್ತೆ, ಫ್ರೈಯರ್‌ನಲ್ಲಿ ಹಪ್ಪಳ. ಬೀದಿ ಕೊನೆಯಲ್ಲಿ ಚಪಾತಿ ಲಟ್ಟಿಸಿ ಮಾರೋವ್ರು ಇದ್ದರೆ ಅವರ ಹತ್ತಿರ ತಗೋ.

ತಮ್ಮ: ಕರೆಂಟ್ ಬಿಲ್ಲು? ಗೃಹಜ್ಯೋತಿ ಮೀರಿದರೆ ನೀನೇ ಕಟ್ಟು ಅಂದಿದ್ದಾರೆ ಓನರ್.

ಅಕ್ಕ: ಲೆಕ್ಕ ಹಾಕು. ಮಂಗಳವಾರದ ಅಡುಗೆಗೆ ಮೈಕ್ರೊವೇವ್ ಓಡಿದ್ದು 20ರಿಂದ 25 ನಿಮಿಷ, ಅರ್ಧ ಯೂನಿಟ್ಟೂ ಮುಟ್ಟಲ್ಲ. ಫ್ರೈಯರ್ 12 ನಿಮಿಷ, ಹೆಚ್ಚೆಂದರೆ 0.3. ದಿನಕ್ಕೆ ಒಂದು ಯೂನಿಟ್ ಅಂತಿಟ್ಟರೂ ತಿಂಗಳಿಗೆ 30. ಆದರೆ ಉಚಿತ ಅಂದರೆ ಎಲ್ಲರಿಗೂ 200 ಯೂನಿಟ್ ಅಲ್ಲ, ಆ ಮೀಟರಿನ 2022-23ರ ಸರಾಸರಿ, ಅದರ ಮೇಲೆ ಇನ್ನು ಸ್ವಲ್ಪ. ಹಿಂದೆ ಇದ್ದವರು ಬೆಳಿಗ್ಗೆ ಸಂಜೆ ಮನೆಯಲ್ಲೇ ಇರದವರಾಗಿದ್ದರೆ ಆ ಸರಾಸರಿ ತೀರಾ ಕಮ್ಮಿ ಇರುತ್ತೆ, ಮೀರಿದ್ದಕ್ಕೆ ದುಡ್ಡು ಕೊಡಬೇಕಾಗುತ್ತೆ. ಹಳೇ ಬಿಲ್ ಒಂದು ಕೇಳಿ ನೋಡು, ಅದರ ಮೇಲೆ ಎಷ್ಟು ಅಂತ ಬರೆದಿರುತ್ತೆ.

ತಮ್ಮ: ಫ್ರೈಯರ್ ಈಗ ಗೋಡೆಗೆ ಒತ್ತಿ, ಮರದ ಶೆಲ್ಫ್ ಕೆಳಗಿದೆ. ಜಾಗ ಅಲ್ಲೇ ಇರೋದು.

ಅಕ್ಕ: ಅಲ್ಲಿಂದ ತೆಗಿ. ಬಿಸಿಗಾಳಿ ಹಿಂದಿನಿಂದ ಹೊರಬೀಳುತ್ತೆ, ಸುತ್ತ ಒಂದು ಗೇಣು ಜಾಗ ಬೇಕು. ಇಲ್ಲದಿದ್ದರೆ ಶೆಲ್ಫಿನ ಸನ್‌ಮೈಕಾ ಎದ್ದು ಬರುತ್ತೆ, ಓನರ್ ಅದನ್ನ ನಿನ್ನ ಅಡ್ವಾನ್ಸ್‌ನಲ್ಲಿ ಹಿಡಿದುಕೊಳ್ತಾರೆ. ಪ್ಲಗ್ ಹತ್ತಿರವೇ ಕಲ್ಲಿನ ಮೇಲೆ ಜಾಗ ಮಾಡು, ಓಡುವಾಗ ಮುಂದಕ್ಕೆಳೆದು ಮುಗಿದ ಮೇಲೆ ಹಿಂದಕ್ಕೆ ತಳ್ಳು. ಬುಟ್ಟಿಯನ್ನ ಪ್ರತಿ ಸಲ ಮೆತ್ತನೆ ಸ್ಪಂಜಿನಲ್ಲಿ ತೊಳಿ, ತಳದಲ್ಲಿ ನಿಂತ ಎಣ್ಣೆಯೇ ಮಾರನೇ ದಿನ 200 ಡಿಗ್ರಿಗೆ ಹೊಗೆ ಬಿಡೋದು.

ತಮ್ಮ: ಈ ಭಾನುವಾರ ಬರ್ತೀಯಾ ಹಾಗಾದರೆ? ಮೊದಲ ಸಲ ಬೇಳೆ ಬೇಯಿಸುವಾಗ ಪಕ್ಕದಲ್ಲಿರು.

ಅಕ್ಕ: ಬರ್ತೀನಿ. ಬರೋ ದಾರೀಲಿ ನಾನು ಹೆಸರುಬೇಳೆ ತರ್ತೀನಿ, ಬಟ್ಟಲು ನೀನು ತಂದಿಟ್ಟಿರು. ಎರಡೂವರೆ ಲೀಟರಿನದು.